ಕೇಳಿದ್ದಕ್ಕೆಲ್ಲ ಉತ್ತರ ಕೊಡೋ ಸ್ಪೀಕರ್, ಕಾಸ್ಟ್ ಲಿಸ್ಟಲ್ಲಿ ಮಾತ್ರ ಯಾಕೆ ಕಾಣಲ್ಲ?

"ಸರ್, ಅಮ್ಮ ಬೆಳಿಗ್ಗೆ ದೇವರನಾಮ ಕೇಳ್ಲಿ ಅಂತ ಅಡುಗೆಮನೇಲಿ ನೆಸ್ಟ್ ಮಿನಿ ಇಟ್ಟಿದ್ದೀವಿ. ನನ್ನ ಫೋನಿಂದ ಯೂಟ್ಯೂಬ್ ಮ್ಯೂಸಿಕ್ಕಲ್ಲಿ ಕಾಸ್ಟ್ ಒತ್ತಿದ್ರೆ ಬೆಳಿಗ್ಗೆ ಹೊತ್ತು ಸ್ಪೀಕರ್ ಹೆಸರೇ ಬರಲ್ಲ, ಸಂಜೆ ಆಫೀಸಿಂದ ಬಂದು ನೋಡಿದ್ರೆ ಆರಾಮಾಗಿ ಬರುತ್ತೆ. ಗೂಗಲ್ ಹೋಂ ಆ್ಯಪಲ್ಲಿ ಮಾತ್ರ ಯಾವಾಗ್ಲೂ ಕಾಣುತ್ತೆ, ಟೈಮ್ ಕೇಳಿದ್ರೂ ಹೇಳುತ್ತೆ. ನಮ್ಮನೆಯವ್ರು ಕೆಳಗೆ ಹಾಲಲ್ಲೇ ಕೂತು ಕೆಲಸ ಮಾಡ್ತಾರೆ, ಅವರ ಫೋನಲ್ಲಿ ಯಾವತ್ತೂ ತೊಂದ್ರೆ ಇಲ್ಲ. ಫೈಬರ್ ಬಾಕ್ಸ್ ಕೆಳಗಿದೆ, ಮಹಡಿ ಮೇಲೆ ಸಿಗ್ನಲ್ ಬರಲ್ಲ ಅಂತ ಅಲ್ಲಿಗೊಂದು ರೂಟರ್ ತಂದು ಹಾಕಿದ್ವಿ, ಎರಡಕ್ಕೂ ಒಂದೇ ಹೆಸರು ಒಂದೇ ಪಾಸ್‌ವರ್ಡ್. ಅಂಗಡಿಯವ್ರು ಸ್ಪೀಕರ್ ಫ್ಯಾಕ್ಟರಿ ರೀಸೆಟ್ ಮಾಡಿ ಅಂತಾರೆ, ಪಕ್ಕದ್ಮನೆ ಹುಡುಗ ನಿಮ್ಮ ಫೋನು 5 ಗಿಗಾಹರ್ಟ್ಸಲ್ಲಿದೆ ಅದಕ್ಕೇ ಅಂತಾನೆ. ಯಾರ ಮಾತು ಕೇಳ್ಲಿ?" (ಶಿವಮೊಗ್ಗದ ಓದುಗರು)

ರೀಸೆಟ್ ಮಾತ್ರ ಮಾಡ್ಬೇಡಿ ಮೇಡಂ, ಸ್ಪೀಕರ್ ಚೆನ್ನಾಗೇ ಇದೆ. ಟೈಮ್ ಹೇಳ್ತಿದೆ ಅಂದ್ರೆ ಅದಕ್ಕೆ ಇಂಟರ್ನೆಟ್ ಸಿಕ್ತಿದೆ, ನಿಮ್ಮನೆಯವ್ರ ಫೋನಿಗೆ ಕಾಣ್ತಿದೆ ಅಂದ್ರೆ ಕಾಸ್ಟ್ ಭಾಗಾನೂ ಕೆಲಸ ಮಾಡ್ತಿದೆ. ಇನ್ನು ನಿಮ್ಮ ಫೋನ್, ಅದಕ್ಕೆ ಸಂಜೆ ಕಾಣುತ್ತೆ ಅಂದ್ಮೇಲೆ ಫೋನಿಂದೂ ತಪ್ಪಿಲ್ಲ. ಉಳಿದಿದ್ದು ಎರಡರ ಮಧ್ಯದ ದಾರಿ, ಅಂದ್ರೆ ಮಹಡಿ ಮೇಲೆ ನೀವು ಹಾಕಿರೋ ಆ ರೂಟರ್. ನೀವು ಬರೆದಿರೋ ವಿವರ ಇಷ್ಟು ಚೆನ್ನಾಗಿದೆ ಅಂದ್ರೆ ಮನೆಗೆ ಬರದೇನೇ ತೊಂಬತ್ತು ಭಾಗ ಹೇಳ್ಬಹುದು, ಉಳಿದ ಹತ್ತನ್ನ ನೀವೇ ಎರಡು ನಿಮಿಷದಲ್ಲಿ ಚೆಕ್ ಮಾಡ್ಕೋಬಹುದು, ಹೇಗೆ ಅಂತ ಮುಂದೆ ಹೇಳ್ತೀನಿ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ, ಯಾಕಂದ್ರೆ ಇದು ಗೊತ್ತಾದ್ರೆ ಮುಂದಿಂದೆಲ್ಲ ಸಲೀಸು. ಕಾಸ್ಟ್ ಒತ್ತಿದಾಗ ಫೋನಿಂದ ಸ್ಪೀಕರಿಗೆ ಹಾಡು ಹರೀತಿದೆ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ, ಅದು ಬ್ಲೂಟೂತ್ ಕಥೆ. ಕಾಸ್ಟಲ್ಲಿ ಫೋನು ಸ್ಪೀಕರಿಗೆ ಹೇಳೋದು ಇಷ್ಟೇ: ಇಂಥ ಹಾಡು, ಇಂಥ ಜಾಗದಲ್ಲಿದೆ, ನೀನೇ ತಗೊಂಡು ಹಾಡು. ಆಮೇಲೆ ಸ್ಪೀಕರ್ ತಾನೇ ವೈಫೈ ಮೂಲಕ ಇಂಟರ್ನೆಟ್ಟಿಂದ ಹಾಡು ಎಳ್ಕೊಳ್ಳುತ್ತೆ, ಫೋನು ಬರೀ ರಿಮೋಟ್ ಆಗಿ ಉಳಿಯುತ್ತೆ. ಹಾಡು ಶುರುವಾದ ಮೇಲೆ ನೀವು ಫೋನ್ ತಗೊಂಡು ಮಾರ್ಕೆಟ್ಟಿಗೆ ಹೋದ್ರೂ ಅಡುಗೆಮನೇಲಿ ಹಾಡು ನಿಲ್ಲಲ್ಲ, ಯಾರದ್ದಾದ್ರೂ ಕಾಲ್ ಬಂದ್ರೆ ರಿಂಗು ಸ್ಪೀಕರಲ್ಲಿ ಕೇಳಲ್ಲ, ಎಲ್ಲಾ ಇದಕ್ಕೇ.

ಅಂದ್ರೆ ಫೋನಿಗೂ ಸ್ಪೀಕರಿಗೂ ನೇರ ಸಂಪರ್ಕ ಬೇಕಾಗೋದು ಮುಖ್ಯವಾಗಿ ಒಂದು ಕ್ಷಣಕ್ಕೆ, ಲಿಸ್ಟ್ ತಯಾರಾಗೋ ಕ್ಷಣಕ್ಕೆ. ನೀವು ಸಿಕ್ಕಿಹಾಕ್ಕೊಂಡಿರೋದೂ ಅಲ್ಲೇ.

ಲಿಸ್ಟ್ ಹೇಗೆ ತಯಾರಾಗುತ್ತೆ ನೋಡಿ. ಸ್ಪೀಕರ್ ಎಲ್ಲಿದೆ ಅಂತ ಫೋನಿಗೆ ಮೊದಲೇ ಗೊತ್ತಿರಲ್ಲ. ಅದು ವೈಫೈಗೆ ಒಂದು ಸಣ್ಣ ಮೆಸೇಜ್ ಬಿಡುತ್ತೆ, ನಡುಮನೇಲಿ ನಿಂತು "ಯಾರಾದ್ರೂ ಇದ್ದೀರೇನ್ರೋ" ಅಂತ ಕೂಗಿದ ಹಾಗೆ. ಕೇಳಿಸಿಕೊಂಡ ಸ್ಪೀಕರು, ಟಿವಿ ಎಲ್ಲ ತಮ್ಮ ಹೆಸರು, ಅಡ್ರೆಸ್ ವಾಪಸ್ ಹೇಳ್ತವೆ, ಹೇಳಿದವರ ಹೆಸರೇ ಲಿಸ್ಟಲ್ಲಿ ಬರೋದು. ಈ ಪದ್ಧತಿಗೆ ಎಂಡಿಎನ್ಎಸ್ ಅಂತಾರೆ. ಆ ಮೆಸೇಜು ಒಂದೇ ನೆಟ್‌ವರ್ಕ್ ಒಳಗೆ ಮಾತ್ರ ಓಡಾಡುತ್ತೆ, ರೂಟರ್ ದಾಟಿ ಇನ್ನೊಂದು ನೆಟ್‌ವರ್ಕಿಗೆ ಹೋಗಲ್ಲ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರೋದು, ಇಲ್ಲಾಂದ್ರೆ ನಿಮ್ಮ ಫೋನಲ್ಲಿ ಇಡೀ ಬೀದಿಯ ಟಿವಿಗಳೆಲ್ಲ ಬಂದು ಕೂರ್ತಿದ್ವು.

ಹಾಗಾದ್ರೆ ಹೋಂ ಆ್ಯಪಲ್ಲಿ ಯಾವಾಗ್ಲೂ ಕಾಣುತ್ತಲ್ಲ ಅಂತ ನೀವು ಕೇಳ್ಬಹುದು. ಅದು ಬೇರೆ ಲೆಕ್ಕ. ಸ್ಪೀಕರನ್ನ ಸೆಟ್ ಮಾಡಿದ ದಿನ ನಿಮ್ಮ ಗೂಗಲ್ ಅಕೌಂಟಿಗೆ ಸೇರಿಸಿದ್ರಲ್ಲ, ಹೋಂ ಆ್ಯಪ್ ಆ ಪಟ್ಟಿನ ಗೂಗಲ್ ಸರ್ವರಿಂದ ತರುತ್ತೆ, ನೀವು ದುಬೈಲಿ ಕೂತು ನೋಡಿದ್ರೂ ಅಡುಗೆಮನೆ ಸ್ಪೀಕರ್ ಅಲ್ಲಿರುತ್ತೆ. ಹಾಗಾಗಿ ಹೋಂ ಆ್ಯಪಲ್ಲಿ ಇದೆ, ಮಾತಿಗೆ ಉತ್ತರ ಕೊಡುತ್ತೆ, ಆದ್ರೆ ಕಾಸ್ಟ್ ಲಿಸ್ಟಲ್ಲಿ ಇಲ್ಲ, ಈ ಮೂರೂ ಒಟ್ಟಿಗೆ ಸೇರಿದ್ರೆ ನನಗೆ ಮೊದಲು ಅನುಮಾನ ಬರೋದು ಮನೆಯೊಳಗಿನ ನೆಟ್‌ವರ್ಕ್ ಮೇಲೆ.

ಈಗ ನಿಮ್ಮನೆಗೆ ಬರೋಣ. ಫೈಬರ್ ಬಾಕ್ಸ್ ಒಂದು ರೂಟರ್, ಅದು ತನ್ನದೇ ಒಂದು ನೆಟ್‌ವರ್ಕ್ ನಡೆಸುತ್ತೆ. ಅಂಗಡಿಯಿಂದ ತಂದ ರೂಟರನ್ನ ಡಬ್ಬದಿಂದ ತೆಗೆದು ಕೇಬಲ್ಲನ್ನ ಅದರಲ್ಲಿ ಇಂಟರ್ನೆಟ್ ಕೇಬಲ್ಲಿಗೇ ಅಂತ ಇರೋ ವ್ಯಾನ್ ಪೋರ್ಟಿಗೆ ಸಿಕ್ಕಿಸಿದ್ರೆ ಅದೂ ರೂಟರ್ ಆಗೇ ಕೆಲಸ ಮಾಡುತ್ತೆ, ಮಹಡಿ ಮೇಲೆ ಇನ್ನೊಂದು ಬೇರೇನೇ ನೆಟ್‌ವರ್ಕ್ ಶುರು ಮಾಡುತ್ತೆ. ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದೀರಿ, ಸರಿ, ಆದ್ರೆ ಹೆಸರು ಒಂದಾದ ಮಾತ್ರಕ್ಕೆ ನೆಟ್‌ವರ್ಕ್ ಒಂದಾಗಲ್ಲ. ಫೋನ್ ಸ್ಕ್ರೀನಲ್ಲಿ ಎರಡೂ ಕಡೆ ಅದೇ ಹೆಸರು ಕಾಣೋದ್ರಿಂದ "ನಾವು ಒಂದೇ ವೈಫೈಲಿದ್ದೀವಲ್ಲ" ಅಂತ ಅನ್ಸುತ್ತೆ, ಈ ಒಂದು ಕಾರಣಕ್ಕೆ ಎಷ್ಟು ಜನ ಸ್ಪೀಕರ್ ರಿಪೇರಿಗೆ ಅಂತ ಓಡಾಡ್ತಾರೋ.

ಬೆಳಿಗ್ಗೆ ನೀವು ಮಹಡಿ ಮೇಲೆ ಏಳ್ತೀರಿ ಅಂದ್ಕೋತೀನಿ. ಫೋನು ರಾತ್ರಿಯಿಡೀ ಮೇಲಿನ ರೂಟರಿಗೆ ಅಂಟ್ಕೊಂಡಿರುತ್ತೆ. ನೀವು ಕೆಳಗಿಳಿದು ಅಡುಗೆಮನೆಗೆ ಬಂದ್ರೂ ಅದು ತಕ್ಷಣ ಬಿಡಲ್ಲ, ಸಿಗ್ನಲ್ ಒಂದೋ ಎರಡೋ ಗೆರೆ ಇದ್ರೂ ಹಿಡ್ಕೊಂಡೇ ಇರುತ್ತೆ, ಬಹುತೇಕ ಫೋನುಗಳ ಸ್ವಭಾವಾನೇ ಹಾಗೆ. ಸ್ಪೀಕರ್ ಕೆಳಗಿನ ಬಾಕ್ಸಿಗೆ ಸೇರಿದೆ, ಫೋನು ಮೇಲಿನ ರೂಟರಲ್ಲಿದೆ, ಕೂಗಿದ್ದು ಕೇಳಿಸಲ್ಲ, ಲಿಸ್ಟ್ ಖಾಲಿ. ಸಂಜೆ ನೀವು ಹೊರಗಿಂದ ಮುಂಬಾಗಿಲಲ್ಲಿ ಒಳಗೆ ಬಂದಾಗ ಫೋನಿಗೆ ಮೊದಲು ಸಿಗೋದು ಹಾಲಲ್ಲಿರೋ ಬಾಕ್ಸು, ಅದಕ್ಕೇ ಸೇರ್ಕೊಳ್ಳುತ್ತೆ, ಸ್ಪೀಕರ್ ಕಾಣುತ್ತೆ. ನಿಮ್ಮನೆಯವ್ರು ದಿನವೆಲ್ಲ ಹಾಲಲ್ಲೇ ಇರೋದ್ರಿಂದ ಅವರಿಗೆ ಈ ಕಾಟ ಇಲ್ಲ. ಬೆಳಿಗ್ಗೆ ಅಡುಗೆಮನೇಲೇ ನಿಂತು ಫೋನಿನ ವೈಫೈ ಆಫ್ ಮಾಡಿ ಆನ್ ಮಾಡಿ ನೋಡಿ, ಹತ್ತಿರದ ಬಾಕ್ಸನ್ನ ಹಿಡಿಯುತ್ತೆ, ಸ್ಪೀಕರ್ ಬಂದುಬಿಡುತ್ತೆ. "ಫೋನ್ ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ" ಅಂತ ಹೇಳ್ತಾರಲ್ಲ, ಇಂಥ ಮನೆಗಳಲ್ಲಿ ಅದರ ಗುಟ್ಟು ಇಷ್ಟೇ, ಮಾರನೇ ದಿನ ಮತ್ತೆ ಅದೇ ಹಾಡು.

ಊಹೆ ಬೇಡ, ಖಚಿತ ಮಾಡ್ಕೊಳ್ಳಿ. ಬೆಳಿಗ್ಗೆ ಲಿಸ್ಟ್ ಖಾಲಿ ಇರೋವಾಗಲೇ ಫೋನಿನ ವೈಫೈ ಸೆಟ್ಟಿಂಗ್ಸಿಗೆ ಹೋಗಿ, ಸೇರಿರೋ ನೆಟ್‌ವರ್ಕ್ ಪಕ್ಕದ ಗೇರ್ ಗುರುತು ಒತ್ತಿ, ಐಫೋನಲ್ಲಾದ್ರೆ ಐ ಅಕ್ಷರದ ಗುರುತು, ಅಲ್ಲಿ ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಫೋನಿಗೆ ಸಿಕ್ಕಿರೋ ನಂಬರು ಇರುತ್ತೆ, ಬರೆದಿಟ್ಕೊಳ್ಳಿ. ಆಮೇಲೆ ಸ್ಪೀಕರ್ ಕಾಸ್ಟ್ ಲಿಸ್ಟಲ್ಲಿ ಕಾಣೋ ಹೊತ್ತಲ್ಲಿ ಹೋಂ ಆ್ಯಪಲ್ಲಿ ಸ್ಪೀಕರ್ ಮೇಲೆ ಒತ್ತಿ ಹಿಡಿದು ಸೆಟ್ಟಿಂಗ್ಸ್ ತೆರೆದು Device information ಒಳಗೆ ನೋಡಿದ್ರೆ ಸ್ಪೀಕರಿನ ಐಪಿ ಅಡ್ರೆಸ್ ಸಿಗುತ್ತೆ. ಎರಡರಲ್ಲೂ ಮೊದಲ ಮೂರು ಸಂಖ್ಯೆ ಹೋಲಿಸಿ. ಉದಾಹರಣೆಗೆ ಸ್ಪೀಕರ್ 192.168.1.14, ಫೋನು 192.168.0.103 ಇದ್ರೆ ಮೂರನೇ ಸಂಖ್ಯೆ ಬೇರೆ ಬೇರೆ, ಎರಡು ನೆಟ್‌ವರ್ಕ್ ಅಂತ ಅರ್ಥ. ಸಂಜೆ ಅದೇ ಫೋನು 192.168.1.22 ತೋರಿಸಿದ್ರೆ ಕಥೆ ಪೂರ್ತಿ ಆಯ್ತು. ಮನೆಗಳಲ್ಲಿ ಹಾಕೋ ಸಾಮಾನ್ಯ ರೂಟರುಗಳಿಗೆ ಈ ಮೂರು ಸಂಖ್ಯೆ ಲೆಕ್ಕ ಸಾಕು.

ಸರಿಮಾಡೋ ದಾರಿಗಳಲ್ಲಿ ನನಗೆ ಇಷ್ಟವಾದದ್ದು ಮೇಲಿನ ರೂಟರನ್ನ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕೋದು. ಆಗ ಅದು ಬೇರೆ ನೆಟ್‌ವರ್ಕ್ ನಡೆಸೋದು ಬಿಟ್ಟು ಕೆಳಗಿನ ಬಾಕ್ಸಿನ ನೆಟ್‌ವರ್ಕನ್ನೇ ಮೇಲಕ್ಕೆ ಹಂಚುತ್ತೆ. ಫೋನು ಮೇಲಿಗೆ ಅಂಟಿದ್ರೂ ಕೆಳಗೆ ಅಂಟಿದ್ರೂ ಅಡ್ರೆಸ್ ಕೊಡೋದು ಒಂದೇ ಬಾಕ್ಸ್, ಹಾಗಾಗಿ ಸ್ಪೀಕರ್ ಎರಡು ಕಡೆಯಿಂದಲೂ ಕಾಣುತ್ತೆ. ರೂಟರಿನ ಅಡಿಯಲ್ಲಿ ಸ್ಟಿಕ್ಕರ್ ಇರುತ್ತೆ, ಅದರಲ್ಲಿರೋ ಅಡ್ರೆಸ್ಸನ್ನ, ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಆ ರೂಟರಿಗೇ ಸೇರಿರೋ ಫೋನಿನ ಬ್ರೌಸರಲ್ಲಿ ಹಾಕಿ ಲಾಗಿನ್ ಆಗಿ Operation Mode ಅಂತ ಹುಡುಕಿ, ಕೆಲವು ಕಂಪನಿಯವ್ರು ಅದನ್ನ Advanced ಒಳಗೆ System ಅಡಿಯಲ್ಲಿ ಇಟ್ಟಿರ್ತಾರೆ. Access Point ಆರಿಸಿ ಸೇವ್ ಮಾಡಿದ್ರೆ ತಾನೇ ರೀಸ್ಟಾರ್ಟ್ ಆಗುತ್ತೆ. ವೈಫೈ ಹೆಸರು ಪಾಸ್‌ವರ್ಡ್ ಈಗಿರೋದೇ ಇರಲಿ, ಇನ್ಮೇಲೆ ಒಂದೇ ಹೆಸರಿಗೆ ನಿಜವಾದ ಅರ್ಥ ಬರುತ್ತೆ.

ಇದರಲ್ಲಿ ತೊಂದ್ರೆ ಇಲ್ವಾ ಅಂದ್ರೆ ಇದೆ, ಸಣ್ಣವು. ಮೋಡ್ ಬದಲಾದ ಮೇಲೆ ಆ ರೂಟರಿನ ಸ್ವಂತ ಅಡ್ರೆಸ್ ಬದಲಾಗ್ಬಹುದು, ಹಳೇ ಅಡ್ರೆಸ್ ಹಾಕಿದ್ರೆ ಪೇಜ್ ತೆರೆಯಲ್ಲ, ಕೆಟ್ಟೋಯ್ತು ಅಂತ ಗಾಬರಿ ಬೀಳ್ಬೇಡಿ, ಬಾಕ್ಸಿನ ಪೇಜಲ್ಲಿ ಕನೆಕ್ಟ್ ಆಗಿರೋ ಡಿವೈಸ್‌ಗಳ ಪಟ್ಟೀಲಿ ಅದರ ಹೊಸ ಅಡ್ರೆಸ್ ಸಿಗುತ್ತೆ. ಮಕ್ಕಳ ಫೋನಿಗೆ ಟೈಮ್ ಲಿಮಿಟ್ ಏನಾದ್ರೂ ಮೇಲಿನ ರೂಟರಲ್ಲಿ ಹಾಕಿದ್ರೆ ಅದು ಹೋಗ್ಬಿಡುತ್ತೆ, ಕೆಳಗಿನ ಬಾಕ್ಸಲ್ಲಿ ಮತ್ತೆ ಹಾಕ್ಬೇಕು. ಮೇಲಿನ ನೆಟ್‌ವರ್ಕಲ್ಲಿ ಸಿಸಿಟಿವಿ ಡಬ್ಬಾನೋ ಪ್ರಿಂಟರೋ ಇದ್ದು ಅದಕ್ಕೆ 192.168.0.50 ಥರದ ಅಡ್ರೆಸ್ಸನ್ನ ಕೈಯಿಂದ ಹಾಕಿಟ್ಟಿದ್ರೆ ಅದು ನಿಂತು ಹೋಗುತ್ತೆ, ಮೊದಲೇ ನೋಡ್ಕೊಂಡು ಕೆಲಸಕ್ಕೆ ಕೈ ಹಾಕಿ.

ಹಳೇ ರೂಟರಾಗಿದ್ದು ಆ ಮೋಡೇ ಇಲ್ಲದಿದ್ರೂ ದಾರಿ ಇದೆ, ಆದ್ರೆ ಕ್ರಮ ತಪ್ಪಬಾರದು. ಮೊದಲು ಬಾಕ್ಸಿಂದ ಬಂದ ಕೇಬಲ್ಲನ್ನ ವ್ಯಾನ್ ಪೋರ್ಟಿಂದ ಕಿತ್ತು, ಮೇಲಿನ ರೂಟರಿನ ಲ್ಯಾನ್, ಅಂದ್ರೆ ಮನೆಯೊಳಗಿನ ಅಡ್ರೆಸ್ಸನ್ನ ಬಾಕ್ಸಿನ ಸಾಲಿಗೇ ತನ್ನಿ, ಬಾಕ್ಸ್ 192.168.1.1 ಆಗಿದ್ರೆ ಇದಕ್ಕೆ 192.168.1.250 ಕೊಡಿ, ಬಾಕ್ಸ್ ಬೇರೆ ಡಿವೈಸ್‌ಗಳಿಗೆ ಹಂಚೋ ಅಡ್ರೆಸ್‌ಗಳ ಒಳಗೆ ಅದು ಬರ್ದೇ ಇರ್ಲಿ. ಆಮೇಲೆ ಆ ಹೊಸ ಅಡ್ರೆಸ್ಸಲ್ಲೇ ಮತ್ತೆ ಲಾಗಿನ್ ಆಗಿ, ಡಿವೈಸ್‌ಗಳಿಗೆ ಅಡ್ರೆಸ್ ಹಂಚೋ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಆ ಕೇಬಲ್ಲನ್ನ ಯಾವುದಾದ್ರೂ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡೋದನ್ನ ಮರೆತು ಕೇಬಲ್ ಬದಲಾಯಿಸಿದ್ರೆ ಮಾತ್ರ ಕಷ್ಟ, ಮನೇಲಿ ಅಡ್ರೆಸ್ ಹಂಚೋರು ಇಬ್ಬರಾಗ್ತಾರೆ, ಕೆಲವು ಫೋನಿಗೆ ನೆಟ್ ಇರುತ್ತೆ ಕೆಲವಕ್ಕೆ ಇರಲ್ಲ, ಯಾವುದಕ್ಕೆ ಯಾವಾಗ ಅಂತ ತಲೆಬುಡ ಗೊತ್ತಾಗಲ್ಲ.

ಇದ್ಯಾವುದೂ ಬೇಡ ಅನ್ಸಿದ್ರೆ, ಮೇಲಿನ ರೂಟರಿನ ವೈಫೈ ಕೆಳಗೂ ಚೆನ್ನಾಗಿ ಬರುತ್ತೆ ಅಂತಿದ್ರೆ, ಬಾಕ್ಸಿನ ವೈಫೈ ಆಫ್ ಮಾಡಿ ಎಲ್ಲರೂ ಮೇಲಿನದಕ್ಕೇ ಸೇರಬಹುದು. ಶಿವಮೊಗ್ಗದ ಕಡೆ ಹಳೇ ಮನೆಗಳ ದಪ್ಪ ಗೋಡೆ ನೋಡಿದ್ರೆ ನಂಗೆ ಅಷ್ಟು ನಂಬಿಕೆ ಇಲ್ಲ. ಮನೆ ತುಂಬ ಒಂದೇ ನೆಟ್‌ವರ್ಕ್ ಹರಡೋ ಮೆಶ್ ಸೆಟ್ ತಗೊಂಡ್ರೂ ಸರಿ ಹೋಗುತ್ತೆ, ಆದ್ರೆ ಇಲ್ಲೊಂದು ಬಲೆ ಇದೆ: ಮೆಶ್ ರೂಟರ್ ಮೋಡಲ್ಲೇ ಇದ್ದು ಬಾಕ್ಸಿನ ವೈಫೈನೂ ಆನ್ ಇದ್ರೆ ಮತ್ತೆ ಎರಡು ನೆಟ್‌ವರ್ಕೇ, ಸಾವಿರಾರು ರೂಪಾಯಿ ಖರ್ಚು ಮಾಡಿ ಅದೇ ಜಾಗಕ್ಕೆ ಬಂದು ನಿಂತ ಹಾಗಾಗುತ್ತೆ.

ಇನ್ನು ಪಕ್ಕದ್ಮನೆ ಹುಡುಗನ ಮಾತು. ಪೂರ್ತಿ ಸುಳ್ಳಲ್ಲ, ಆದ್ರೆ ನಿಮ್ಮನೆ ವಿಷಯಕ್ಕೆ ಅದು ಕಾರಣ ಅಲ್ಲ. ಫೋನು 5 ಗಿಗಾಹರ್ಟ್ಸಲ್ಲಿ, ಸ್ಪೀಕರ್ 2.4ರಲ್ಲಿ ಇದ್ರೂ ಒಂದೇ ರೂಟರಿಗೆ ಸೇರಿದ್ರೆ ಅದು ಒಂದೇ ನೆಟ್‌ವರ್ಕ್, ಕಾಣಲೇಬೇಕು. ನೆಸ್ಟ್ ಮಿನಿ ಎರಡರಲ್ಲೂ ಕೆಲಸ ಮಾಡುತ್ತೆ. ಆದ್ರೆ ಕೆಲವು ರೂಟರುಗಳ ಸಾಫ್ಟ್‌ವೇರು ಈ ಕೂಗೋ ಮೆಸೇಜುಗಳನ್ನ ಒಂದು ಬ್ಯಾಂಡಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸಲ್ಲ, ಆಗ ಹುಡುಗ ಹೇಳಿದ ಹಾಗೇ ಆಗುತ್ತೆ. ಗುರುತಿಸೋದು ಸುಲಭ: ಐಪಿ ಅಡ್ರೆಸ್‌ನ ಮೊದಲ ಮೂರು ಸಂಖ್ಯೆ ಒಂದೇ ಇರುತ್ತೆ, ಆದ್ರೂ ಲಿಸ್ಟಲ್ಲಿ ಇಲ್ಲ, ರೂಟರ್ ರೀಸ್ಟಾರ್ಟ್ ಮಾಡಿದ್ರೆ ಬರುತ್ತೆ, ಕೆಲವು ನಿಮಿಷ ಆದ್ಮೇಲೆ ಮತ್ತೆ ಮಾಯ. ಹಾಗಿದ್ರೆ ರೂಟರ್ ಸೆಟ್ಟಿಂಗಲ್ಲಿ IGMP Snooping ಅನ್ನೋದನ್ನ ಬದಲಾಯಿಸಿ ನೋಡಿ, ಆನ್ ಇದ್ರೆ ಆಫ್. ಯಾರ ಗುಂಪಿಗೆ ಯಾವ ಮೆಸೇಜ್ ಬೇಕು ಅಂತ ರೂಟರ್ ಲೆಕ್ಕ ಇಡೋ ವ್ಯವಸ್ಥೆ ಅದು, ಲೆಕ್ಕ ತಪ್ಪಿದ್ರೆ ಸ್ಪೀಕರಿಗೆ ಕೂಗು ಕೇಳಿಸೋದೇ ನಿಲ್ಲುತ್ತೆ. ಆ ಬಾಕ್ಸಿಂದಲೇ ಟಿವಿ ಚಾನೆಲ್ ಬರ್ತಿದ್ರೆ ಆಫ್ ಮಾಡಿದ ಮೇಲೆ ವೈಫೈ ಮೇಲೆ ಭಾರ ಬಿದ್ದು ನೆಟ್ ನಿಧಾನ ಆಗ್ಬಹುದು, ಹಾಗಾದ್ರೆ ವಾಪಸ್ ಹಾಕಿ. ಮನೇಲಿ ಮ್ಯಾಕ್ ಲ್ಯಾಪ್‌ಟಾಪ್ ಇದ್ರೆ ಕೂಗು ತಲುಪ್ತಿದೆಯಾ ಅಂತ ನೇರವಾಗಿ ನೋಡ್ಬಹುದು, ಟರ್ಮಿನಲಲ್ಲಿ ಇದನ್ನ ಹಾಕಿ:

```
dns-sd -B _googlecast._tcp
```

ಶುರುವಲ್ಲಿ ಬರೋ ಶೀರ್ಷಿಕೆ ಸಾಲುಗಳನ್ನ ಬಿಡಿ, ಕೆಲವೇ ಸೆಕೆಂಡಲ್ಲಿ ಸ್ಪೀಕರಿನ ಹೆಸರಿರೋ, Add ಅಂತ ಇರೋ ಒಂದು ಸಾಲು ಬಂದ್ರೆ ಸ್ಪೀಕರ್ ಉತ್ತರ ಕೊಡ್ತಿದೆ, ಆ ರೂಟರಲ್ಲಿ ದಾರಿ ತೆರೆದಿದೆ, ತೊಂದ್ರೆ ನಿಮ್ಮ ಫೋನಲ್ಲೇ ಎಲ್ಲೋ ಇರ್ಬಹುದು. ಆ ಸಾಲೇ ಬರ್ಲಿಲ್ಲ ಅಂದ್ರೆ ರೂಟರ್ ಕಡೆ ತಿರುಗಿ. ನಿಲ್ಲಿಸೋಕೆ ಕಂಟ್ರೋಲ್ ಸಿ.

ಫೋನಿನ ಕಡೆ ನೋಡ್ಬೇಕಾದ್ದು ಹೆಚ್ಚೇನಿಲ್ಲ. ವಿಪಿಎನ್ ಆನ್ ಇದ್ರೆ ಆಫ್ ಮಾಡಿ ನೋಡಿ, ಆಫೀಸಿನವ್ರು ಹಾಕಿಕೊಟ್ಟಿರೋದು, ಜಾಹೀರಾತು ತಡೆಯೋ ಆ್ಯಪಿಂದು, ಯಾವುದಾದ್ರೂ ಸರಿ, ಮನೆಯೊಳಗಿನ ಡಿವೈಸ್‌ಗಳನ್ನ ಅದು ಮುಚ್ಚಿಬಿಡೋದುಂಟು. ಐಫೋನಲ್ಲಿ 2020ರ ಐಒಎಸ್ 14ರಿಂದ ಪ್ರತಿ ಆ್ಯಪ್ ಮನೆ ನೆಟ್‌ವರ್ಕ್ ನೋಡೋಕೆ ಅನುಮತಿ ಕೇಳುತ್ತೆ, ಮೊದಲ ದಿನ ಅವಸರದಲ್ಲಿ ಬೇಡ ಅಂತ ಒತ್ತಿಬಿಟ್ಟಿದ್ರೆ ಆ ಆ್ಯಪಲ್ಲಿ ಸ್ಪೀಕರ್ ಕಾಣೋದೇ ಇಲ್ಲ. ಸೆಟ್ಟಿಂಗ್ಸಲ್ಲಿ Privacy & Security ಒಳಗೆ Local Network ಅಂತಿದೆ, ಅಲ್ಲಿ ಆ್ಯಪಿನ ಮುಂದೆ ಆನ್ ಮಾಡಿ. ಒಂದು ಆ್ಯಪಲ್ಲಿ ಸ್ಪೀಕರ್ ಕಂಡು ಇನ್ನೊಂದರಲ್ಲಿ ಕಾಣದಿದ್ರೆ ಅನುಮಾನ ಇದರ ಮೇಲೇ ಇರಲಿ. ಆಂಡ್ರಾಯ್ಡಲ್ಲೂ ಆ್ಯಪ್ ಪರ್ಮಿಷನಲ್ಲಿ Nearby devices ಅಂತ ಇದ್ರೆ ಒಪ್ಪಿಗೆ ಕೊಡಿ. ಗೆಸ್ಟ್ ವೈಫೈಲಿ ಸೇರಿರೋ ಫೋನಿಗೂ ಸ್ಪೀಕರ್ ಕಾಣಲ್ಲ, ನೆಂಟರಿಂದ ಮನೆ ಸಾಮಾನುಗಳನ್ನ ಮರೆಮಾಡೋಕೇ ಅದಿರೋದು. ಕೆಲವು ಬಾಕ್ಸುಗಳಲ್ಲಿ ಮೇನ್ ವೈಫೈಗೂ AP Isolation ಅಂತ ಒಂದು ಸ್ವಿಚ್ ಇರುತ್ತೆ, ಅದೇನಾದ್ರೂ ಆನ್ ಆಗಿದ್ರೆ ಇಂಟರ್ನೆಟ್ ಎಲ್ಲಾ ಸರಿ ಇದ್ದು ಡಿವೈಸ್‌ಗಳು ಮಾತ್ರ ಒಂದನ್ನೊಂದು ನೋಡಲ್ಲ.

ಅಲೆಕ್ಸಾ ಇಟ್ಕೊಂಡಿರೋರು ಇದನ್ನ ಓದ್ತಿದ್ರೆ: ಎಕೋ ಸ್ಪೀಕರಲ್ಲಿ ಗೂಗಲ್ ಕಾಸ್ಟ್ ಇಲ್ಲ, ಯೂಟ್ಯೂಬ್ ಮ್ಯೂಸಿಕ್ ಲಿಸ್ಟಲ್ಲಿ ಅದನ್ನ ಹುಡುಕಿ ಸುಸ್ತಾಗ್ಬೇಡಿ, ಬ್ಲೂಟೂತಲ್ಲಿ ಜೋಡಿಸಿ, ಸ್ಪಾಟಿಫೈ ಆದ್ರೆ ಅದರದ್ದೇ ಬೇರೆ ಲಿಸ್ಟ್ ಇದೆ, ಅಲೆಕ್ಸಾ ಆ್ಯಪಲ್ಲಿ ಅಕೌಂಟ್ ಸೇರಿಸಿದ್ರೆ ಅದರಲ್ಲಿ ಬರುತ್ತೆ.

ಇನ್ನು ಅಂಗಡಿಯವ್ರ ರೀಸೆಟ್. ರೀಸೆಟ್ ಮಾಡಿದ್ರೆ ಸ್ಪೀಕರ್ ನಿಮ್ಮ ಅಕೌಂಟಿಂದ ಹೊರಗೆ ಬಂದು ಎಲ್ಲಾ ಮೊದಲಿಂದ ಸೆಟ್ ಮಾಡ್ಬೇಕು. ನಿಮ್ಮನೇಲಿ ಅದಕ್ಕಿಂತ ಮಜಾ ಏನಾಗುತ್ತೆ ಅಂದ್ರೆ, ಅಕಸ್ಮಾತ್ ಸ್ಪೀಕರ್ ಈ ಸಲ ಮೇಲಿನ ರೂಟರಿಗೆ ಸೇರ್ಕೊಂಡ್ರೆ ಬೆಳಿಗ್ಗೆ ನಿಮಗೆ ಕಾಣುತ್ತೆ, ರೀಸೆಟ್ಟಿಂದ ಸರಿ ಹೋಯ್ತು ಅಂತ ನೀವಂತೀರಿ, ಅತ್ತ ನಿಮ್ಮನೆಯವ್ರ ಫೋನಿಂದ ಮಾಯ ಆಗಿರುತ್ತೆ. ಸ್ಪೀಕರಿನ ವೈಫೈ ಬದಲಾಯಿಸ್ಬೇಕು ಅಂದ್ರೂ ರೀಸೆಟ್ ಬೇಕಿಲ್ಲ, ಹೋಂ ಆ್ಯಪಲ್ಲಿ Device information ಒಳಗೆ ವೈಫೈ ಮರೆಯೋ ಆಯ್ಕೆ ಇದೆ. ರೀಸೆಟ್ ದುಬಾರಿಯಾದ ಉದಾಹರಣೆನೂ ಇದೆ: 2025ರ ಮಾರ್ಚಲ್ಲಿ ಗೂಗಲ್ಲಿನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಮತ್ತು ಕ್ರೋಮ್‌ಕಾಸ್ಟ್ ಆಡಿಯೋಗಳು ಒಂದು ಸರ್ಟಿಫಿಕೇಟಿನ ಅವಧಿ ಮುಗಿದು ಏಕಾಏಕಿ ಕಾಸ್ಟ್ ತಗೊಳ್ಳೋದು ನಿಲ್ಲಿಸಿದ್ವು. ದಯವಿಟ್ಟು ರೀಸೆಟ್ ಮಾಡ್ಬೇಡಿ ಅಂತ ಗೂಗಲ್ಲೇ ಹೇಳ್ತು, ಸುಮ್ಮನೆ ಬಿಟ್ಟಿದ್ದೋರಿಗೆ ಕೆಲವು ದಿನದಲ್ಲಿ ಅಪ್‌ಡೇಟ್ ಬಂದು ತಾನೇ ಸರಿ ಹೋಯ್ತು, ರೀಸೆಟ್ ಮಾಡಿದ್ದೋರು ಸೆಟಪ್ ಮುಗಿಸೋಕಾಗದೆ ಆ್ಯಪಿಗೂ ಅಪ್‌ಡೇಟ್ ಬರೋವರೆಗೆ ಕಾಯ್ಬೇಕಾಯ್ತು.

ಆ್ಯಕ್ಸೆಸ್ ಪಾಯಿಂಟ್ ಕೆಲಸಕ್ಕೆ ಭಾನುವಾರ ಪುರುಸೊತ್ತು ಆಗೋವರೆಗೆ ಅಮ್ಮನ ದೇವರನಾಮ ನಿಲ್ಲೋದು ಬೇಡ. ಬಾಯಲ್ಲೇ ಹಾಡಿನ ಹೆಸರು ಹೇಳಿ ಹಾಕಿಸ್ಬಹುದು, ಅದಕ್ಕೆ ಕಾಸ್ಟ್ ಲಿಸ್ಟ್ ಬೇಕಾಗಲ್ಲ, ಕನ್ನಡದ ಹೆಸರುಗಳನ್ನ ಒಂದೊಂದ್ಸಲ ಅದು ಏನೇನೋ ಮಾಡ್ಕೊಳ್ಳುತ್ತೆ ಅನ್ನೋದು ಬಿಟ್ರೆ. ಇಲ್ಲಾ "ಬ್ಲೂಟೂತ್ ಪೇರಿಂಗ್" ಅಂತ ಸ್ಪೀಕರಿಗೆ ಹೇಳಿ ಫೋನಿನ ಬ್ಲೂಟೂತ್ ಲಿಸ್ಟಿಂದ ಸೇರಿಸಿ, ನೆಟ್‌ವರ್ಕ್ ಎರಡಾದ್ರೂ ಮೂರಾದ್ರೂ ಅದಕ್ಕೆ ಸಂಬಂಧ ಇಲ್ಲ. ಒಂದೇ ಷರತ್ತು, ಇಲ್ಲಿ ಹಾಡು ನಿಜವಾಗ್ಲೂ ಫೋನಿಂದಲೇ ಹೋಗೋದು, ನೀವು ಫೋನ್ ಹಿಡ್ಕೊಂಡು ಮಹಡಿ ಹತ್ತಿದ್ರೆ ಅಡುಗೆಮನೇಲಿ ಹಾಡು ಕಟ್ ಕಟ್ ಆಗಿ ನಿಲ್ಲುತ್ತೆ, ಹಾಗಾಗಿ ಅಷ್ಟು ಹೊತ್ತು ಫೋನನ್ನ ಕೆಳಗೇ ಬಿಟ್ಟಿರಿ.